ಡಬ್ಬಿ ಮುಚ್ಚುವ ಮೊದಲು

ಯುಗಾದಿ ಕಳೆದ ಮೇಲೆ ಬೆಳಗಾವಿಯಿಂದ ಸಾಂಬ್ರಾ ಕಡೆಗೆ ಹೊರಟರೆ ವಿಮಾನ ನಿಲ್ದಾಣದ ಬೇಲಿ ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಖಾರದ ಘಾಟು ಬಡಿಯುತ್ತದೆ. ಮಾಳಿಗೆಯ ಮೇಲೆ, ಅಂಗಳದಲ್ಲಿ, ಹಳೆಯ ಸೀರೆಯ ಮೇಲೆ ಮೆಣಸಿನಕಾಯಿ ಹರವಿರುತ್ತಾರೆ. ಡಂಕಿನ ಮುಂದೆ ಹೆಂಗಸರು ಡಬ್ಬಿ ಇಟ್ಟುಕೊಂಡು ಪಾಳಿಗೆ ಕುಳಿತಿರುತ್ತಾರೆ. ಮಳೆ ಬೀಳುವುದರೊಳಗೆ ವರ್ಷದ ಮಸಾಲಿ ಖಾರ ಮುಗಿಯಬೇಕು, ಗುರೆಳ್ಳು ಅಗಸಿ ಹುರಿದಿಡಬೇಕು, ಮನೆಯಲ್ಲಿ ಬಸುರಿ ಇದ್ದರೆ ಬಾಳಂತಿ ಔಷಧಿಯ ಸಾಮಾನೂ ತರಬೇಕು. ಇದೇ ದಿನಗಳಲ್ಲಿ ಅಂಗನವಾಡಿಯ ಕಟ್ಟೆಯ ಮೇಲೆ ಆಶಾ ಕಾರ್ಯಕರ್ತೆ ತಾಯಂದಿರನ್ನು ಕೂಡಿಸಿ ಮಾತಾಡುತ್ತಾಳೆ. ಅಂಥದೊಂದು ಮಧ್ಯಾಹ್ನ ನಾನೂ ಹಿಂದೆ ಕುಳಿತಿದ್ದೆ.

ಅವಳ ಕೈಯಲ್ಲಿದ್ದ ಹಾಳೆಯಲ್ಲಿ ನಾಲ್ಕು ಮಾತಿದ್ದವು. ಚೆನ್ನಾಗಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿಡಿ, ಒದ್ದೆ ಚಮಚ ಹಾಕಬೇಡಿ, ಕೂಸಿಗೆ ಆರು ತಿಂಗಳ ತನಕ ಎದೆಹಾಲು ಬಿಟ್ಟು ಬೇರೇನೂ ಕೊಡಬೇಡಿ. ಓದಿ ಮುಗಿಸುವಷ್ಟರಲ್ಲಿ ಹಿರಿಯ ಕಾಕು ಒಬ್ಬರು ಅಡ್ಡಬಂದರು. “ಬಾಯಾರ, ನಾ ಎಂಟ ದಿನ ಒಣಗಿಸೇನಿ. ಡಬ್ಬಿ ಹೊಸಾದು, ಚಮಚಾನೂ ಒದ್ದಿ ಮಾಡಿಲ್ಲ. ಆದ್ರೂ ಆಷಾಢದಾಗ ಖಾರ ಗಂಟ ಆಗಿ ಬೂಸರ ಬಂತು. ಎಲ್ಲಿ ತಪ್ಪಿದ್ನಿ ಹೇಳ್ರಿ?” ಹಾಳೆಯಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಇಂಥ ಭಾಷಣಗಳಿಗೆ ಬರೆದುಕೊಡುವ ಹಾಳೆಗಳು ಡಬ್ಬಿಯಿಂದ ಶುರುವಾಗುತ್ತವೆ. ಕಾಕುವಿನ ಖಾರ ಕೆಟ್ಟದ್ದು ಡಬ್ಬಿಗೆ ಬೀಳುವ ಮುಂಚೆ.

ಅದು ಹೇಗೆ ಎನ್ನುವುದಕ್ಕೆ ಅವರ ಖಾರದ ಲೆಕ್ಕವನ್ನೇ ತೆಗೆದು ನೋಡಬಹುದು. ಮನೆಮನೆಗೆ ಅಳತೆ ಬೇರೆ. ಅವರದು ಎರಡು ಕಿಲೋ ಬ್ಯಾಡಗಿ, ಅರ್ಧ ಕಿಲೋ ಕೊತ್ತಂಬರಿ ಕಾಳು, ಅರ್ಧ ಕಿಲೋ ಒಣ ಕೊಬ್ಬರಿ, ಒಂದು ಕಿಲೋ ಉಳ್ಳಾಗಡ್ಡಿ, ಕಾಲು ಕಿಲೋ ಬಳ್ಳೊಳ್ಳಿ, ಕಾಲು ಕಿಲೋ ಉಪ್ಪು, ಎಳ್ಳು, ಜೀರಿಗಿ, ಲವಂಗ, ದಾಲ್ಚಿನ್ನಿ, ಹುರಿಯುವುದಕ್ಕೆ ಎಣ್ಣೆ. ಒಣ ಸಾಮಾನಿನಲ್ಲಿ ನೀರು ಕಡಿಮೆ. ಚೆನ್ನಾಗಿ ಒಣಗಿದ ಮೆಣಸಿನಕಾಯಿಯಲ್ಲಿ ನೂರಕ್ಕೆ 10ರಷ್ಟು, ಕೊಬ್ಬರಿಯಲ್ಲಿ ಅದರ ಅರ್ಧವೂ ಇಲ್ಲ. ಎಲ್ಲ ಕೂಡಿ ಸರಾಸರಿ 7ರ ಹತ್ತಿರ ಬರುತ್ತದೆ. ಇಷ್ಟಕ್ಕೆ ಬೂಷ್ಟು ಹುಟ್ಟುವುದಿಲ್ಲ.

ಲೆಕ್ಕ ತಪ್ಪಿಸುವುದು ಉಳ್ಳಾಗಡ್ಡಿ. ಒಂದು ಕಿಲೋ ಹಸಿ ಉಳ್ಳಾಗಡ್ಡಿಯಲ್ಲಿ ಸುಮಾರು 870 ಗ್ರಾಂ ನೀರೇ ಇರುತ್ತದೆ. ಬಳ್ಳೊಳ್ಳಿಯಲ್ಲಿಯೂ ಅರ್ಧಕ್ಕಿಂತ ಹೆಚ್ಚು. ಹಿಂದಿನವರು ಉಳ್ಳಾಗಡ್ಡಿಯನ್ನು ಹೆಚ್ಚಿ ನಾಲ್ಕೈದು ದಿನ ಬಿಸಿಲಿಗೆ ಹಾಕಿ, ಬಾಡಿ ಕಾಗದದಂತಾದ ಮೇಲೆ ಎಣ್ಣೆಯಲ್ಲಿ ಕರಿದು ಕುಟ್ಟುತ್ತಿದ್ದರು. ಈಗ ಪುರುಸೊತ್ತಿಲ್ಲ. ಹಸಿಯದನ್ನೇ ಎಣ್ಣೆಗೆ ಹಾಕಿ, ಬಣ್ಣ ತಿರುಗಿ ಘಮ್ಮೆಂದ ಕೂಡಲೇ ಇಳಿಸುತ್ತಾರೆ. ಬಣ್ಣ ಬಂದರೂ ಒಳಗೆ ಅದು ಮೆತ್ತಗೇ ಇರುತ್ತದೆ. ಹಾಗೆ ಇಳಿಸಿದ ಉಳ್ಳಾಗಡ್ಡಿ ಬಳ್ಳೊಳ್ಳಿಯಲ್ಲಿ 380 ಗ್ರಾಂ ನೀರು ಉಳಿದಿದೆ ಎಂದುಕೊಳ್ಳಿ. ಕಾಕುವಿನ ನಾಲ್ಕೂವರೆ ಕಿಲೋ ಖಾರದಲ್ಲಿ ತೇವ ಆಗ 7ರಿಂದ 15ರ ಹತ್ತಿರಕ್ಕೆ ಏರುತ್ತದೆ. ಅದರ ಮೇಲೆ ಎಣ್ಣೆ, ಕೊಬ್ಬರಿ, ಎಳ್ಳಿನ ಜಿಡ್ಡಿದೆ. ಜಿಡ್ಡು ನೀರು ಹಿಡಿಯುವುದಿಲ್ಲವಾದ್ದರಿಂದ ಆ ನೀರೆಲ್ಲ ಉಳಿದ ಪುಡಿಯಲ್ಲಿಯೇ ಕೂರಬೇಕು. ಜಿಡ್ಡು ಬಿಟ್ಟು ಲೆಕ್ಕ ಹಾಕಿದರೆ ತೇವ 17 ದಾಟುತ್ತದೆ. ಎಂಟು ದಿನ ಮೆಣಸಿನಕಾಯಿ ಒಣಗಿಸಿದ ಶ್ರಮವೆಲ್ಲ ಒಂದು ಬಾಣಲೆಯಲ್ಲಿ ಹೋಯಿತು.

ಇದನ್ನು ಮನೆಯಲ್ಲಿಯೇ ತಿಳಿಯುವುದಕ್ಕೆ ತಕ್ಕಡಿ ಸಾಕು. ಒಂದು ಕಿಲೋ ಹೆಚ್ಚಿದ ಉಳ್ಳಾಗಡ್ಡಿ ಬಿಸಿಲಿನಲ್ಲಿ ಒಣಗಿ ಸುಮಾರು 150 ಗ್ರಾಂಗೆ ಇಳಿಯಬೇಕು. ಮುನ್ನೂರರಲ್ಲಿ ನಿಂತಿದ್ದರೆ ಇನ್ನೂ ಅರ್ಧ ನೀರೇ ಇದೆ ಎಂದರ್ಥ. ಒಣಗಿಸದೆ ನೇರ ಕರಿಯುವವರಿಗೆ ತೂಕ ಉಪಯೋಗಕ್ಕೆ ಬಾರದು, ಏಕೆಂದರೆ ನೀರು ಹೋದಷ್ಟು ಎಣ್ಣೆ ಒಳಗೆ ಸೇರಿಕೊಳ್ಳುತ್ತದೆ. ಅವರು ಕೈಯನ್ನು ನಂಬಬೇಕು. ಆರಿದ ಮೇಲೆ ಚಿವುಟಿದರೆ ಹಪ್ಪಳದಂತೆ ಪುಡಿಯಾಗಬೇಕು, ನಾರಿನಂತೆ ಎಳೆದುಕೊಂಡರೆ ಮತ್ತೆ ಒಲೆಗೆ. ಬಿಸಿ ಇರುವಾಗ ಈ ಪರೀಕ್ಷೆ ಮಾಡಬಾರದು, ಬಿಸಿ ಉಳ್ಳಾಗಡ್ಡಿ ಒಣಗಿದ್ದರೂ ಮೆತ್ತಗೇ ಇರುತ್ತದೆ. ವರ್ಷದ ಖಾರದಲ್ಲಿ ಉಳ್ಳಾಗಡ್ಡಿ ಬಳ್ಳೊಳ್ಳಿ ಎರಡನ್ನೂ ಬಿಟ್ಟು, ತಿಂಗಳಿಗೆ ಬೇಕಾದಷ್ಟಕ್ಕೆ ಆಮೇಲೆ ಸೇರಿಸಿಕೊಳ್ಳುವ ಮನೆಗಳೂ ಇವೆ. ರುಚಿಯಲ್ಲಿ ವ್ಯತ್ಯಾಸ ಬರುತ್ತದೆ ಎಂದು ಹಿರಿಯರು ಮುಖ ಸಿಂಡರಿಸುತ್ತಾರೆ, ಅದು ನಿಜವೂ ಹೌದು. ಆದರೆ ಬಿಸಿಲಿಗೆ ಕಾಯಲು ಆಗದವರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಎರಡನೆಯ ತಪ್ಪು ಡಂಕಿನಲ್ಲಿ ಆಗುತ್ತದೆ. ಕುಟ್ಟಿದ ಖಾರ ಬಿಸಿಯಾಗಿ ಕೈಗೆ ಬರುತ್ತದೆ. ಹೊತ್ತಾಯಿತೆಂದು ಅಲ್ಲಿಯೇ ಸ್ಟೀಲಿನ ಡಬ್ಬಿಗೆ ತುಂಬಿ ಮುಚ್ಚಳ ಹಾಕಿ ತಲೆಯ ಮೇಲಿಟ್ಟುಕೊಂಡು ಬರುತ್ತಾರೆ. ಆಶಾ ಇದನ್ನು ಬಲು ಚೆಂದ ಹೇಳಿದಳು. “ಬಿಸಿ ಇದ್ದಾಗ ಮುಚ್ಚಿದ್ರ ಡಬ್ಬಿ ಒಳಗ ಬೆವರತೈತ್ರಿ. ಆ ಬೆವರ ಮುಚ್ಚಳಕ್ಕ ಹತ್ತಿ ತಿರಗಿ ಖಾರದ ಮ್ಯಾಲ ಬೀಳತೈತಿ. ನೀವು ಒದ್ದಿ ಚಮಚ ಹಾಕಬ್ಯಾಡ್ರಿ, ಡಬ್ಬೀನ ತಾನ ಹಾಕ್ಕೊಂತೈತಿ.” ಮೇಲಿನ ಒಂದು ಬೆರಳಿನಷ್ಟು ಖಾರ ಗಟ್ಟಿಯಾಗಿ, ಕೆಳಗಿನದು ಉದುರಾಗಿಯೇ ಇದ್ದರೆ ಕಾರಣ ಸಾಮಾನ್ಯವಾಗಿ ಈ ಬೆವರು. ಮನೆಗೆ ತಂದು ಒಣ ಬಟ್ಟೆಯ ಮೇಲೆ ನೆರಳಿನಲ್ಲಿ ತೆಳ್ಳಗೆ ಹರವಿ, ಕೈ ಹಾಕಿದರೆ ತಣ್ಣಗೆನ್ನುವ ತನಕ ಎರಡು ಮೂರು ತಾಸು ಬಿಡಬೇಕು. ರಾತ್ರಿಯೆಲ್ಲ ಬಿಡುವುದು ಬೇಡ, ತಂಪು ಹೊತ್ತಿನ ಗಾಳಿಯಿಂದ ಪುಡಿ ಮತ್ತೆ ತೇವ ಎಳೆದುಕೊಳ್ಳುತ್ತದೆ. ಫ್ರಿಜ್‌ನಲ್ಲಿ ಇಡುವವರಿಗೆ ಇದೇ ಮಾತು ತಿರುಗುಮುರುಗಾಗಿ ಅನ್ವಯಿಸುತ್ತದೆ. ತಣ್ಣನೆಯ ಡಬ್ಬಿಯನ್ನು ಹೊರಗೆ ತೆಗೆದು ಕೂಡಲೇ ಮುಚ್ಚಳ ಬಿಚ್ಚಿದರೆ ಮಳೆಗಾಲದ ಗಾಳಿಯ ನೀರು ಪುಡಿಯ ಮೇಲೆಯೇ ಕಟ್ಟುತ್ತದೆ. ಡಬ್ಬಿ ಹೊರಗಿನ ಬಿಸಿಗೆ ಬಂದ ಮೇಲೆ ತೆಗೆಯಬೇಕು.

ಉಪ್ಪಿನ ಬಗ್ಗೆ ಒಂದು ನಂಬಿಕೆ ಇದೆ. ಉಪ್ಪು ಹಾಕಿದ್ದು ಕೆಡುವುದಿಲ್ಲ ಎಂದು. ಅರ್ಧ ನಿಜ. ಪುಡಿಯಲ್ಲಿರುವ ನೀರನ್ನು ಉಪ್ಪು ತನ್ನ ಕಡೆ ಹಿಡಿದಿಟ್ಟುಕೊಂಡು ಬೂಷ್ಟಿನ ಬಾಯಿಗೆ ಸಿಗದಂತೆ ಮಾಡುತ್ತದೆ. ಆದರೆ ಗಾಳಿಯ ತೇವ ನೂರಕ್ಕೆ 75 ದಾಟಿದರೆ ಅದೇ ಉಪ್ಪು ಹೊರಗಿನ ನೀರನ್ನು ಕುಡಿಯಲು ಶುರುಮಾಡುತ್ತದೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ಒಸರುವುದು ಇದಕ್ಕೇ. ಬೆಳಗಾವಿಯಲ್ಲಿ ಜುಲೈ ಆಗಸ್ಟ್ ಪೂರ್ತಿ ಗಾಳಿ ಆ ಗೆರೆಯ ಮೇಲೆಯೇ ಇರುತ್ತದೆ. ಖಾನಾಪುರದ ಕಾಡಂಚಿನ ಹಳ್ಳಿಗಳಲ್ಲಂತೂ ಕೇಳುವುದೇ ಬೇಡ. ಸಾಂಬ್ರಾದ ತವರಿನಿಂದ ಖಾನಾಪುರದ ಕಡೆ ಕೊಟ್ಟ ಮಗಳಿಗೆ ಅವ್ವ ಕಳಿಸಿದ ಖಾರ ಇಲ್ಲಿ ಸರಿಯಿದ್ದು ಅಲ್ಲಿ ಕೆಟ್ಟರೆ ಮಗಳ ಕೈಗುಣ ಹಳಿಯುವುದು ಅನ್ಯಾಯ. ಅಲ್ಲಿಯ ಗಾಳಿಯೇ ಬೇರೆ. ಆ ಕಡೆಗೆ ಕಳಿಸುವ ಖಾರಕ್ಕೆ ಉಪ್ಪು ಹಾಕದಿರುವುದು ಮೇಲು. ದೊಡ್ಡ ಡಬ್ಬಿಯನ್ನು ದಿನಾ ಬಿಚ್ಚುವ ಬದಲು ವಾರಕ್ಕೆ ಬೇಕಾದಷ್ಟನ್ನು ಸಣ್ಣ ಡಬ್ಬಿಗೆ ತೆಗೆದುಕೊಳ್ಳುವುದೂ ಅಲ್ಲಿಗೆ ಹೆಚ್ಚು ಬೇಕು. ಸಣ್ಣ ಡಬ್ಬಿಯನ್ನೂ ಕುದಿಯುವ ಸಾರಿನ ಮೇಲೆ ಹಿಡಿದು ಖಾರ ಉದುರಿಸಬಾರದು, ಹಬೆ ನೇರ ಒಳಗೆ ಹೋಗುತ್ತದೆ.

ಉಪ್ಪಿನ ಇದೇ ಗುಣವನ್ನು ಪರೀಕ್ಷೆಗೂ ಬಳಸಬಹುದು. ಗೋವಿನಜೋಳದಂಥ ಕಾಳು ಒಣಗಿದೆಯೋ ಇಲ್ಲವೋ ನೋಡಲು ಬೇರೆ ಬೇರೆ ದೇಶಗಳ ರೈತರಿಗೆ ಕಲಿಸುವ ಸರಳ ಉಪಾಯ ಇದು. ಪುಡಿ ಉಪ್ಪನ್ನು ಬಾಣಲೆಯಲ್ಲಿ ಬಿಸಿಮಾಡಿ ಆರಿಸಿ ಇಟ್ಟುಕೊಳ್ಳಬೇಕು. ಒಣಗಿದ ಗಾಜಿನ ಬಾಟಲಿಯಲ್ಲಿ ಮೂರನೆಯ ಒಂದು ಪಾಲು ಕೊತ್ತಂಬರಿ ಕಾಳನ್ನೋ ಮುರಿದ ಮೆಣಸಿನಕಾಯಿಯನ್ನೋ ಶೇಂಗಾ ಕಾಳನ್ನೋ ಹಾಕಿ, ಒಂದೆರಡು ಚಮಚ ಆ ಉಪ್ಪು ಸೇರಿಸಿ, ಮುಚ್ಚಿ ಚೆನ್ನಾಗಿ ಅಲುಗಾಡಿಸಿ ಕಾಲು ತಾಸು ಬಿಡಬೇಕು. ಉಪ್ಪು ಗಾಜಿಗೆ ಅಂಟಿಕೊಂಡರೆ ಕಾಳಿನೊಳಗಿನ ತೇವ ಬೂಷ್ಟಿಗೆ ಸಾಕಷ್ಟಿದೆ, ಮತ್ತೆ ಬಿಸಿಲಿಗೆ ಹಾಕಬೇಕು. ಅಂಟದೆ ಜಾರಿದರೆ ಎಲ್ಲ ಸರಿಯಾಯಿತು ಎಂದು ತಿಳಿಯಬಾರದು. ದೊಡ್ಡ ತಪ್ಪು ಆಗಿಲ್ಲ ಎಂದಷ್ಟೇ ಗೊತ್ತಾಗುತ್ತದೆ, ತಿಂಗಳುಗಟ್ಟಲೆ ಇಡಬೇಕಾದರೆ ಮೇಲೆ ಇನ್ನೂ ಒಂದು ಬಿಸಿಲು ಕೊಡುವುದು ಒಳ್ಳೆಯದು. ಉಪ್ಪು ಎಣ್ಣೆ ಬೆರೆತ ಸಿದ್ಧ ಖಾರಕ್ಕೆ ಈ ಪರೀಕ್ಷೆ ನಡೆಯುವುದಿಲ್ಲ. ಕುಟ್ಟುವ ಮೊದಲೇ ಮಾಡಬೇಕು.

ಬೂಷ್ಟು ಬಂದರೆ ಏನಾಯಿತು, ಮೇಲಿನದು ತೆಗೆದುಹಾಕಿ ಉಳಿದದ್ದನ್ನು ಬಿಸಿಲಿಗೆ ಹಾಕಿದರೆ ಸರಿಹೋಗುವುದಿಲ್ಲವೇ ಎಂದು ಕಟ್ಟೆಯ ಮೇಲೆ ಇನ್ನೊಬ್ಬಳು ಕೇಳಿದಳು. ಇಡೀ ಭಾಷಣಕ್ಕೆ ಇದು ತಿರುಳಿನ ಪ್ರಶ್ನೆ. ಎಲ್ಲ ಬೂಷ್ಟೂ ವಿಷವಲ್ಲ. ಆದರೆ ಮೆಣಸಿನಕಾಯಿ, ಶೇಂಗಾ, ಗೋವಿನಜೋಳ, ಕೊಬ್ಬರಿಯ ಮೇಲೆ ಬರುವ ಹಳದಿ ಹಸಿರಿನ ಒಂದು ಜಾತಿ, ಆಸ್ಪರ್ಜಿಲಸ್ ಫ್ಲೇವಸ್, ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಶೇಂಗಾ ಹಿಂಡಿ ತಿಂದ ಟರ್ಕಿ ಕೋಳಿಗಳು ಲಕ್ಷದಷ್ಟು ಸತ್ತಾಗ ಇದರ ಜಾಡು ಸಿಕ್ಕಿತು. ನಮ್ಮಲ್ಲಿ 1974ರ ಕೊನೆಗೆ ಗುಜರಾತ್ ರಾಜಸ್ಥಾನದ ಗಡಿಯ ಪಂಚಮಹಲ್, ಬಾಂಸವಾಡಾ ಜಿಲ್ಲೆಗಳಲ್ಲಿ ಅಕಾಲ ಮಳೆಗೆ ನೆನೆದ ಗೋವಿನಜೋಳ ತಿಂದ ಬುಡಕಟ್ಟು ಜನರಿಗೆ ಕಾಮಾಲೆ ಬಂದು, ಹೊಟ್ಟೆಯಲ್ಲಿ ನೀರು ತುಂಬಿ, ದಾಖಲಾದ 397 ರೋಗಿಗಳಲ್ಲಿ 106 ಮಂದಿ ತೀರಿಕೊಂಡರು. ಅದೇ ಮನೆಗಳ ನಾಯಿಗಳೂ ಸತ್ತವು. ಹಾಗೆ ಒಮ್ಮೆಗೇ ಕೊಲ್ಲುವುದು ಅಪರೂಪ. ಸ್ವಲ್ಪ ಸ್ವಲ್ಪವೇ ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಪಿತ್ತಜನಕಾಂಗದ ಕ್ಯಾನ್ಸರ್‌ಗೆ ದಾರಿಯಾಗುತ್ತದೆ, ಹೆಪಟೈಟಿಸ್ ಬಿ ಇರುವವರಿಗೆ ಅಪಾಯ ಇನ್ನೂ ಹೆಚ್ಚು.

ಬಿಸಿಲಿಗೆ ಹಾಕಿದರೆ ಬೂಷ್ಟು ಸಾಯಬಹುದು. ಅದು ಬಿಟ್ಟ ವಿಷ ಅಲ್ಲಿಯೇ ಉಳಿಯುತ್ತದೆ. ಅದು ಒಡೆಯಬೇಕಾದರೆ ನಮ್ಮ ಅಡುಗೆಯ ಬಿಸಿ ಸಾಲದು, ಕುದಿಸಿದರೆ ಹೋಗದು, ಹುರಿದರೆ ಒಂದಿಷ್ಟು ಕಡಿಮೆಯಾದೀತು ಅಷ್ಟೆ. ಅದಕ್ಕೆ ವಾಸನೆ ಇಲ್ಲ, ರುಚಿ ಇಲ್ಲ. ಮೂಸಿ ನೋಡಿ ಒಳ್ಳೆಯದಿದೆ ಎನ್ನುವ ನಮ್ಮ ಅಜ್ಜಿಯರ ಮೂಗು ಎಣ್ಣೆ ಮುಗ್ಗಿದ್ದನ್ನು ತಪ್ಪದೆ ಹಿಡಿಯುತ್ತದೆ, ಇದನ್ನು ಹಿಡಿಯಲಾರದು. ಮಾರಾಟದ ಮಸಾಲೆಯಲ್ಲಿ ಭಾರತದ ಕಾನೂನು ಒಪ್ಪುವ ಮಿತಿ ಕಿಲೋಗೆ 30 ಮೈಕ್ರೋಗ್ರಾಂ, ಅಂದರೆ ಒಂದು ಟನ್ ಖಾರದಲ್ಲಿ 30 ಮಿಲಿಗ್ರಾಂ, ಅಕ್ಕಿಕಾಳೊಂದರ ತೂಕದ ಆಸುಪಾಸು. ಅದನ್ನು ನೋಡುವುದು ಪ್ರಯೋಗಾಲಯದ ಕೆಲಸ. ಮನೆಯಲ್ಲಿ ಮಾಡಬಹುದಾದದ್ದು ಆರಿಸುವುದು.

ಈ ವಿಷ ಎಲ್ಲ ಕಾಯಿಯಲ್ಲಿ ಸಮನಾಗಿ ಹರಡಿರುವುದಿಲ್ಲ, ಕೆಲವೇ ಕಾಯಿಗಳಲ್ಲಿ ಗುಂಪುಗಟ್ಟಿರುತ್ತದೆ. ಅದಕ್ಕೇ ಆರಿಸುವ ಕೆಲಸಕ್ಕೆ ಅಷ್ಟು ಬೆಲೆ. ರವಿವಾರ ಪೇಟೆಯಿಂದ ಚೀಲ ತಂದ ದಿನವೇ ಬಿಚ್ಚಿ ಹರವಬೇಕು. ಬ್ಯಾಡಗಿ ಕಾಯಿಯ ಸಿಪ್ಪೆ ತೆಳುವು, ಒಣಗಿದ್ದು ಮುಟ್ಟಿದರೆ ಮುರಿಯುತ್ತದೆ. ಮುರಿಯದಿರಲಿ, ತೂಕವೂ ಬರಲಿ ಎಂದು ವ್ಯಾಪಾರದಲ್ಲಿ ನೀರು ಚಿಮುಕಿಸುವ ಚಾಳಿ ಇದೆ. ಮೆತ್ತಗೆ, ಮಿರಮಿರ ಮಿಂಚುವ ಕಾಯಿಯನ್ನು ತಾಜಾ ಎಂದು ಹೆಚ್ಚು ದುಡ್ಡು ಕೊಟ್ಟು ತರುವವರು ನೀರಿಗೂ ದುಡ್ಡು ಕೊಟ್ಟಿರುತ್ತಾರೆ. ಬಿಳಿಚಿದ್ದು, ಕಪ್ಪು ಕಲೆಯದ್ದು, ತೂತು ಬಿದ್ದದ್ದು ಬೇರೆ ಹಾಕಬೇಕು. ಹೊರಗೆ ಚೆಂದ ಕಾಣುವ ಹತ್ತಿಪ್ಪತ್ತು ಕಾಯಿಗಳನ್ನು ಸೀಳಿ ಒಳಗೆ ನೋಡಬೇಕು. ಬೀಜ ಹಿಡಿದಿರುವ ತಿರುಳಿನ ಸುತ್ತ ಬೂದಿ ಬಣ್ಣದ ಅಥವಾ ಹಸಿರು ಧೂಳು ಕಂಡರೆ ಆ ಚೀಲದ ಮೇಲೆ ವಿಶ್ವಾಸ ಇಡಬಾರದು. ತೊಟ್ಟನ್ನು ಕುಟ್ಟುವ ದಿನವೇ ಮುರಿಯಬೇಕು. ಮೊದಲೇ ಮುರಿದಿಟ್ಟರೆ ಆ ತೂತಿನಿಂದ ಹುಳವೂ ತೇವವೂ ಒಳಗೆ ಹೋಗುತ್ತವೆ. ಮಾಳಿಗೆಯ ಮೇಲೆ ಒಣಗಿಸುವಾಗ ಸಂಜೆ ಗುಂಪು ಮಾಡಿ ಮುಚ್ಚುವುದು ಇಬ್ಬನಿಗಾಗಿ, ಬೆಳಿಗ್ಗೆ ಬಿಸಿಲೇರಿದ ಮೇಲೆ ಬಿಚ್ಚಬೇಕು.

ಇಲ್ಲಿ ನನ್ನದೊಂದು ತಕರಾರಿದೆ. ಇಂಥ ಭಾಷಣಗಳಲ್ಲಿ ಮೆಣಸಿನಕಾಯಿಗೆ ಕೊಡುವಷ್ಟು ಹೊತ್ತನ್ನು ಶೇಂಗಾಕ್ಕೆ ಕೊಡುವುದಿಲ್ಲ. ಒಬ್ಬ ಮನುಷ್ಯ ದಿನಕ್ಕೆ ತಿನ್ನುವ ಖಾರ ಒಂದೆರಡು ಚಮಚ. ಶೇಂಗಾ ಚಟ್ನಿ ಹಾಗಲ್ಲ, ರೊಟ್ಟಿಯ ಜೊತೆ ಮೂರು ಹೊತ್ತೂ ತಟ್ಟೆಯಲ್ಲಿರುತ್ತದೆ, ಶೇಂಗಾ ಹೋಳಿಗೆ, ಉಂಡಿ ಬೇರೆ. ಅದೇ ಬೂಷ್ಟು ಶೇಂಗಾದಲ್ಲಿದ್ದರೆ ಹೊಟ್ಟೆಗೆ ಹೋಗುವ ವಿಷ ಎಷ್ಟೋ ಪಟ್ಟು ಹೆಚ್ಚು. ಶೇಂಗಾದಲ್ಲಿ ಅರ್ಧದಷ್ಟು ಎಣ್ಣೆ ಇರುವುದರಿಂದ ಸ್ವಲ್ಪ ತೇವವೂ ಅದಕ್ಕೆ ಜಾಸ್ತಿಯೇ. ಗೋವಿನಜೋಳ ನೂರಕ್ಕೆ 13ರ ತೇವದಲ್ಲಿ ಸುರಕ್ಷಿತ ಎಂದರೆ ಶೇಂಗಾ ಕಾಳು 7-8ಕ್ಕೆ ಇಳಿಯಬೇಕು. ಸುಕ್ಕುಗಟ್ಟಿದ, ಬಣ್ಣಗೆಟ್ಟ, ಹುರಿದ ಮೇಲೂ ಸಿಪ್ಪೆ ಬಿಡದೆ ಕಚ್ಚಿಕೊಂಡಿರುವ ಕಾಳನ್ನು ಒಂದೊಂದಾಗಿ ತೆಗೆಯಬೇಕು. ಬಾಯಿಗೆ ಕಹಿ ಬಂದರೆ ಉಗುಳಿ ಬಾಯಿ ಮುಕ್ಕಳಿಸಬೇಕು, ನುಂಗಬಾರದು.

ತೆಗೆದದ್ದನ್ನು ಏನು ಮಾಡುವುದು? ನಮ್ಮ ಮನೆಗಳಲ್ಲಿ ಕೆಟ್ಟದ್ದು ಎನ್ನುವುದೆಲ್ಲ ಎಮ್ಮೆಯ ಬಾನಿಗೆ ಹೋಗುತ್ತದೆ. ಅನ್ನ ಚೆಲ್ಲಬಾರದು ಎನ್ನುವ ಒಳ್ಳೆಯ ಮನಸ್ಸೇ ಇಲ್ಲಿ ತಿರುಗಿ ಬೀಳುತ್ತದೆ. ಎಮ್ಮೆ ತಿಂದ ಅಫ್ಲಾಟಾಕ್ಸಿನ್‌ನ ಒಂದು ಪಾಲು ರೂಪ ಬದಲಿಸಿ ಹಾಲಿಗೆ ಇಳಿಯುತ್ತದೆ, ಕಾಯಿಸಿದರೂ ಹೋಗುವುದಿಲ್ಲ, ಆ ಹಾಲನ್ನು ಕುಡಿಯುವುದು ಮನೆಯ ಮಕ್ಕಳೇ. ಕೋಳಿಗೂ ಹಾಕಬಾರದು. ಬೂಷ್ಟು ಹಿಡಿದ ಕಾಳನ್ನು ಮಣ್ಣಿನಲ್ಲಿ ಹೂಳುವುದೇ ಸರಿ. ಮೆಣಸಿನಕಾಯಿಯನ್ನು ಸುಡಲು ಹೋಗಬಾರದು, ಆ ಹೊಗೆಗೆ ಓಣಿಯೆಲ್ಲ ಕೆಮ್ಮುತ್ತದೆ.

ಅಗಸಿ, ಗುರೆಳ್ಳು ಚಟ್ನಿಗಳ ತೊಂದರೆ ಬೇರೆ. ಅವಕ್ಕೆ ನೀರಿಗಿಂತ ಗಾಳಿ, ಬೆಳಕು ಶತ್ರು. ಇಡಿಯ ಕಾಳಿನೊಳಗೆ ಭದ್ರವಾಗಿದ್ದ ಎಣ್ಣೆ ಕುಟ್ಟಿದ ಕೂಡಲೇ ಗಾಳಿಗೆ ತೆರೆದುಕೊಳ್ಳುತ್ತದೆ. ಅಗಸಿಯ ಎಣ್ಣೆ ಎಲ್ಲದಕ್ಕಿಂತ ಬೇಗ ಮುಗ್ಗುತ್ತದೆ, ಮರಕ್ಕೆ ಹಚ್ಚುವ ಬಣ್ಣದಲ್ಲಿ ಅದನ್ನು ಬಳಸುವುದೂ ಗಾಳಿ ಕುಡಿದು ಗಟ್ಟಿಯಾಗುವ ಆ ಗುಣಕ್ಕಾಗಿಯೇ. ಗಾಜಿನ ಬಾಟಲಿಯಲ್ಲಿ ತುಂಬಿ ಕಿಟಕಿಯ ಹಲಗೆಯ ಮೇಲೆ ಚೆಂದಕ್ಕೆ ಜೋಡಿಸಿದ ಅಗಸಿ ಚಟ್ನಿ ಕೆಲವೇ ವಾರಗಳಲ್ಲಿ ಹಳೆ ಬಣ್ಣದ ಡಬ್ಬಿಯ ವಾಸನೆ ಹಿಡಿಯುತ್ತದೆ. ಇಡಿಯ ಕಾಳನ್ನು ಹುರಿದಿಟ್ಟುಕೊಂಡು ಹತ್ತು ಹದಿನೈದು ದಿನಕ್ಕೆ ಬೇಕಾದಷ್ಟೇ ಕುಟ್ಟಿದರೆ ಈ ಗೋಳಿಲ್ಲ. ಇಲ್ಲಿ ಅಜ್ಜಿಯ ಮೂಗನ್ನು ಪೂರ್ತಿ ನಂಬಬಹುದು.

ಹುಳ ಬೀಳಬಾರದೆಂದು ಇಂಗಿನ ತುಂಡನ್ನೋ ಲವಂಗವನ್ನೋ ಡಬ್ಬಿಯಲ್ಲಿ ಇಡುವುದರಿಂದ ಅಪಾಯವಿಲ್ಲ. ಆದರೆ ಕೆಲವರು ಕಾಳಿಗೆ ಬೋರಿಕ್ ಪುಡಿ ಕಲಸಿಡುತ್ತಾರೆ, ಆ ಬಿಳಿ ಪುಡಿಯ ಪುಡಿಕೆ ಉಪ್ಪಿನ ಪಕ್ಕದಲ್ಲಿಯೇ ಕೂತಿರುತ್ತದೆ. ಜೋಳದ ಚೀಲಕ್ಕೆ ಹಾಕುವ ಗುಳಿಗಿ ಇನ್ನೂ ಭಯಂಕರ. ಅದು ಅಲ್ಯೂಮಿನಿಯಂ ಫಾಸ್ಫೈಡ್, ಗಾಳಿಯ ತೇವ ತಾಗಿದರೆ ಸಾಕು ವಿಷದ ಅನಿಲ ಬಿಡುತ್ತದೆ. ಮುಚ್ಚಿದ ಕೋಣೆಯಲ್ಲಿ ಮಲಗಿದವರನ್ನು ಅದು ಕೊಲ್ಲಬಲ್ಲದು. ಅಡುಗೆ ಮನೆಯಲ್ಲಿ, ಮಲಗುವ ಮನೆಯಲ್ಲಿ ಅದಕ್ಕೆ ಜಾಗವಿಲ್ಲ. ಔಷಧಿ ಹೊಡೆಯುವ ಕ್ಯಾನು, ಬಣ್ಣದ ಬಕೆಟ್ಟು ಎಷ್ಟು ತೊಳೆದರೂ ಖಾರಕ್ಕೆ ಸಲ್ಲದು. ಜಿಡ್ಡಿನ ಪುಡಿ ಪ್ಲಾಸ್ಟಿಕ್ಕಿನೊಳಗೆ ಹಿಂದೆ ಇಂಗಿದ್ದನ್ನು ಹೊರಗೆಳೆಯುತ್ತದೆ.

ಖಾರ ಕುಟ್ಟಿಸಿ ಬಂದ ಕೈಯಿಂದ ಕೂಸನ್ನು ಎತ್ತಿಕೊಂಡು ಅದರ ಕಣ್ಣಿಗೆ ಉರಿ ಹತ್ತಿಸಿದ ಪ್ರಸಂಗ ಕಟ್ಟೆಯ ಮೇಲೆ ನಗೆಯಾಗಿ ಹೊರಬಂತು. ಮೆಣಸಿನಕಾಯಿಯ ಉರಿ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಮೊದಲು ಕೈಗೆ ಎಣ್ಣೆ ತಿಕ್ಕಿ ಒರೆಸಿ, ಆಮೇಲೆ ಸಾಬೂನು ಹಚ್ಚಬೇಕು. ಹಾಲುಣಿಸುವವರು ಸೀರೆಯನ್ನೂ ಬದಲಿಸಿಯೇ ಕೂಸನ್ನು ಎತ್ತಿಕೊಳ್ಳಬೇಕು.

ಇಷ್ಟರ ತನಕ ಸಲೀಸಾಗಿ ನಡೆದ ಮಾತು ಗುಟ್ಟಿಯ ಡಬ್ಬಿಗೆ ಬಂದಾಗ ಬಿಗಿಯಾಯಿತು. ಬಾಳಗುಟ್ಟಿ ಎಂದರೆ ಬಜೆ, ಜಾಜಿಕಾಯಿ, ಅಳಲೆಕಾಯಿ, ಅರಿಶಿಣ ಕೊಂಬು, ಒಣಶುಂಠಿ, ಮುರುಡಶೇಂಗ, ಅತಿವಿಷ, ಖಾರೀಕು, ಬದಾಮಿಗಳ ಗುಂಪು. ಒಂದೊಂದನ್ನೂ ಸಾಣೆಕಲ್ಲಿನ ಮೇಲೆ ತಾಯಿಯ ಹಾಲಿನಲ್ಲಿ ಎರಡು ಸುತ್ತು, ನಾಲ್ಕು ಸುತ್ತು ತೇಯ್ದು ಕೂಸಿಗೆ ನೆಕ್ಕಿಸುತ್ತಾರೆ. ಹೆರಿಗೆ ಆಸ್ಪತ್ರೆಯಲ್ಲಿ ಆಗಿದ್ದರೆ ಆಶಾ 3, 7, 14, 21, 28, 42ನೆಯ ದಿನ ಮನೆಗೆ ಬರುತ್ತಾಳೆ. ಅವಳ ಕಣ್ಣಿಗೆ ಈ ಡಬ್ಬಿ ಬೀಳದೆ ಇರುವುದಿಲ್ಲ. ಕೊಡಬೇಡಿ ಎಂದು ಹಾಳೆ ಹೇಳುತ್ತದೆ. “ನಿನ್ನ ಗಂಡಗೂ ನಾನ ತೇದ ಹಾಕೇನಿ, ಏನ ಆಗೇತಿ ಅವಗ?” ಎಂದು ಅತ್ತೆ ಕೇಳುತ್ತಾಳೆ.

ಡಬ್ಬಿಯನ್ನೇ ಬಿಚ್ಚಿ ನೋಡಿದರೆ ವಾದಕ್ಕಿಂತ ಹೆಚ್ಚು ತಿಳಿಯುತ್ತದೆ. ಆಶಾ ಹಾಗೆಯೇ ಮಾಡಿದಳು, ಒಬ್ಬ ಬಾಣಂತಿಯ ಮನೆಯಿಂದ ಡಬ್ಬಿ ತರಿಸಿದಳು. ತೇಯ್ದ ಕೊಂಬುಗಳನ್ನು ಒರೆಸದೆ ಹಾಗೆಯೇ ಹಾಕಿ ಮುಚ್ಚಿದ್ದರು. ಹಾಲು ಹತ್ತಿದ ತುದಿಗಳು ಕಪ್ಪಾಗಿ, ಅಳಲೆಕಾಯಿಯ ಸುಕ್ಕಿನೊಳಗೆ ಬಿಳಿ ಎಳೆಗಳು ಎದ್ದಿದ್ದವು. ಖಾರೀಕು ಅಂಟಂಟಾಗಿತ್ತು. ಖಾರವಾದರೆ ಸಾರಿನಲ್ಲಿ ಕುದಿಯುತ್ತದೆ, ಗುಟ್ಟಿ ಹಸಿಯಾಗಿಯೇ ನಾಲಗೆಗೆ ಹೋಗುತ್ತದೆ, ಅದೂ ಇಪ್ಪತ್ತು ದಿನದ ಕೂಸಿನ ನಾಲಗೆಗೆ. ಇದೊಂದು ಬಗೆಯ ಅಪಾಯ. ಬಿಸಿಲಿಗೆ ಒಣಗಿಸಿ ಇಟ್ಟರೆ ಇದು ಕಡಿಮೆಯಾಗುತ್ತದೆ.

ಒಣಗಿಸಿದರೂ ಹೋಗದ ಅಪಾಯ ಇನ್ನೆರಡಿವೆ. ಬಜೆಯಲ್ಲಿ ಬೀಟಾ ಆಸರೋನ್ ಎನ್ನುವ ಅಂಶವಿದೆ. ಇಲಿಗಳಲ್ಲಿ ಗಂತಿ ಬಂದದ್ದು ಕಂಡು ಅಮೆರಿಕ 1968ರಲ್ಲಿ ಆಹಾರದಲ್ಲಿ ಬಜೆಯನ್ನು ನಿಷೇಧಿಸಿತು. ನಮ್ಮ ವೈದ್ಯದಲ್ಲಿ ಬಜೆಗೆ ಶೋಧನೆ, ಅಳತೆ ಎರಡೂ ಇವೆ. ತೇಯುವ ಕೈಗೆ ಅಳತೆ ಇಲ್ಲ, ಒಬ್ಬರ ಎರಡು ಸುತ್ತು ಇನ್ನೊಬ್ಬರ ಆರು ಸುತ್ತಿಗೆ ಸಮ. ಎರಡನೆಯದು ಗುರುತಿನ ಪ್ರಶ್ನೆ. ಅತಿವಿಷ ನಿರುಪದ್ರವಿ ಬೇರು, ಅದರ ಹತ್ತಿರದ ನಂಟ ವತ್ಸನಾಭಿ ಕಡುವಿಷ. ಒಣಗಿದ ಬೇರಿನ ತುಂಡುಗಳನ್ನು ನೋಡಿ ಗುರುತು ಹಿಡಿಯುವುದು ಬಲ್ಲವರಿಗೂ ಸುಲಭವಲ್ಲ, ಪುಡಿಯಾದರಂತೂ ಯಾರಿಗೂ ಆಗದು. ಅದಕ್ಕೇ ಹೆಸರಿಲ್ಲದ ಪುಡಿ, ಯಾರೋ ಕೊಟ್ಟ ಪುಡಿ ಮನೆಯಲ್ಲಿರಬಾರದು. ಗುಟ್ಟಿಯನ್ನು ಜೇನಿನಲ್ಲಿ ಕಲಸುವ ರೂಢಿಯನ್ನು ವರ್ಷದೊಳಗಿನ ಕೂಸಿಗೆ ಪೂರ್ತಿ ಬಿಡಬೇಕು. ಜೇನಿನಲ್ಲಿ ಇರಬಹುದಾದ ಬೊಟುಲಿಸಂ ರೋಗಾಣುವಿನ ಬೀಜ ದೊಡ್ಡವರ ಕರುಳಿನಲ್ಲಿ ಮೊಳೆಯುವುದಿಲ್ಲ, ಕೂಸಿನ ಕರುಳಿನಲ್ಲಿ ಮೊಳೆತು ಮೈಯನ್ನು ಸೋಲಿಸುತ್ತದೆ. ಮಲ ಕಟ್ಟುವುದು, ಅಳು ಕ್ಷೀಣವಾಗುವುದು, ಕುತ್ತಿಗೆ ನಿಲ್ಲದಿರುವುದು, ಹಾಲು ಎಳೆಯಲು ತ್ರಾಣವಿಲ್ಲದಿರುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಕೊಟ್ಟ ಪುಡಿ ಅಥವಾ ಕೊಂಬಿನ ಡಬ್ಬಿಯನ್ನೂ ಜೊತೆಗೆ ಒಯ್ಯಬೇಕು. ಬೈಯುತ್ತಾರೆಂದು ಅದನ್ನು ಮನೆಯಲ್ಲಿ ಬಿಟ್ಟು ಹೋಗುವುದರಿಂದ ಡಾಕ್ಟರು ಕತ್ತಲಲ್ಲಿ ತಡಕಾಡುವಂತಾಗುತ್ತದೆ.

ಬಾಣಂತಿ ತಾನು ತಿನ್ನುವ ಅಳವಿ ಉಂಡಿ, ಅಂಟಿನ ಉಂಡಿ, ಶುಂಠಿ ಮೆಣಸಿನ ಪುಡಿಯ ಬಗ್ಗೆ ಆಶಾ ಜಗಳ ತೆಗೆಯಲಿಲ್ಲ, ಅದು ಜಾಣತನ. ಮಾಡಿದ ತಾರೀಖು ಬರೆದ ಚೀಟಿ ಅಂಟಿಸಿ, ಕೊಬ್ಬರಿ ಮುಗ್ಗಿದ ವಾಸನೆ ಬಂದರೆ ಬಿಡಿ ಎಂದಷ್ಟೇ ಹೇಳಿದಳು. ಎಲ್ಲಕ್ಕೂ ಬೇಡ ಎನ್ನುವವಳ ಮಾತನ್ನು ಕೂಸಿನ ವಿಷಯದಲ್ಲಿಯೂ ಯಾರೂ ಕೇಳುವುದಿಲ್ಲ. ಅತ್ತೆಗೆ ಕೂಡ ಅವಳು ಒಂದು ಕೆಲಸ ಬಿಟ್ಟುಕೊಟ್ಟಳು. “ಆಯಿ, ನೀವು ತೇಯೂದು ಆರ ತಿಂಗಳ ಬಿಡ್ರಿ. ಎಣ್ಣಿ ಹಚ್ಚಿ ಎರಿಯೂದು ನಿಮ್ಮ ಕೈಯಾಗ ಇರಲಿ, ಅದು ನಮಗ ಬರೂದಿಲ್ಲ.” ಆಯಿ ಏನೂ ಅನ್ನಲಿಲ್ಲ. ಡಬ್ಬಿಯನ್ನು ಸೆರಗಿನಲ್ಲಿ ಒರೆಸಿ ಮಡಿಲಲ್ಲಿ ಇಟ್ಟುಕೊಂಡರು.

ಕೊನೆಗೆ ಅಂಗನವಾಡಿಯ ಒಳಗಿಂದ ಗಾಜಿನ ಬಾಟಲಿ ಬಂತು, ಹುರಿದ ಉಪ್ಪು ಬಂತು. ಕಾಕು ಈ ವರ್ಷದ ಖಾರಕ್ಕೆಂದು ಒಣಗಿಸಿದ ಕೊತ್ತಂಬರಿಯನ್ನು ಮೊಮ್ಮಗಳು ಓಡಿಹೋಗಿ ಒಂದು ಹಿಡಿ ತಂದಳು. ಅಲುಗಾಡಿಸಿ ಕಟ್ಟೆಯ ಮೇಲೆ ಇಟ್ಟರು, ಮಾತು ಬೇರೆ ಕಡೆ ಹೋಯಿತು, ನಿಲ್ದಾಣದ ಕಡೆಯಿಂದ ವಿಮಾನವೊಂದು ಎದ್ದು ತಲೆಯ ಮೇಲೆ ಹಾದುಹೋಯಿತು. ಕಾಲು ತಾಸಿನ ಮೇಲೆ ಕಾಕು ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡಿದರು. ಗಾಜಿನ ಒಳಬದಿಗೆ ಉಪ್ಪು ಮಂಜಿನಂತೆ ಕಟ್ಟಿತ್ತು. “ನಾಳಿ ಡಂಕಿಗೆ ಪಾಳಿ ಹಚ್ಚೇನಿ” ಎಂದು ಗೊಣಗಿದರು. ಆಮೇಲೆ ಮೊಮ್ಮಗಳಿಗೆ, “ಹೋಗ, ಕೊತ್ತಂಬ್ರಿ ಮತ್ತ ಮಾಳಗಿ ಮ್ಯಾಲ ಹಾಕ ನಡಿ” ಎಂದರು.